ಕೆಸರಿಗಿಳಿಯುವ ಮುನ್ನ ಎರಡು ಮಾತ್ರೆ: ಇಲಿ ಜ್ವರ ತಡೆಯುವ ವಾರದ ಲೆಕ್ಕ

ಮುಂಗಾರು ಹಿಡಿದು ಉಳುಮೆ ಶುರುವಾಗುವ ಹೊತ್ತಿಗೆ ಇಲಿ ಜ್ವರದ ಮಾತೂ ಶುರುವಾಗುತ್ತದೆ. ಆಶಾ ಕಾರ್ಯಕರ್ತೆ ಹೇಳಿದರೆಂದೋ, ಪಕ್ಕದ ಮನೆಯವರು ಆಸ್ಪತ್ರೆ ಸೇರಿದರೆಂದೋ ಡಾಕ್ಸಿಸೈಕ್ಲಿನ್ ಮಾತ್ರೆಯ ಪಟ್ಟಿಯೊಂದು ಮನೆಗೆ ಬರುತ್ತದೆ. ತೊಂದರೆ ಶುರುವಾಗುವುದು ಆಮೇಲೆ. ಒಬ್ಬರು ದಿನಕ್ಕೆರಡರಂತೆ ನುಂಗಿ ಐದು ದಿನದಲ್ಲಿ ಪಟ್ಟಿ ಖಾಲಿ ಮಾಡುತ್ತಾರೆ. ಇನ್ನೊಬ್ಬರು ಖಾಲಿ ಹೊಟ್ಟೆಯಲ್ಲಿ ನುಂಗಿ ಎದೆಯುರಿಯಾಗಿ ಉಳಿದದ್ದನ್ನು ಗೂಡಿಗೆ ಸೇರಿಸುತ್ತಾರೆ. ಮತ್ತೊಬ್ಬರು ಜ್ವರ ಬಂದ ಮೇಲೆ ನೋಡೋಣ ಎಂದು ಎತ್ತಿಡುತ್ತಾರೆ. ಈ ಮೂರು ರೀತಿಯಲ್ಲೂ ಮಾತ್ರೆ ತಡೆಯಾಗಿ ಕೆಲಸ ಮಾಡುವುದಿಲ್ಲ.

ಈ ಮಾತ್ರೆಯನ್ನು ಯಾವಾಗ, ಯಾರು, ಎಷ್ಟು ವಾರ ತೆಗೆದುಕೊಳ್ಳಬೇಕು ಎಂಬುದನ್ನು ಕರಾವಳಿಯ ಏಣೆಲು ಬೇಸಾಯದ ಲೆಕ್ಕ ಹಿಡಿದು ನೋಡೋಣ. ಒಳಚರಂಡಿ ಕೆಲಸದವರ ಲೆಕ್ಕ ಬೇರೆ. ಅದು ಮುಂದೆ ಬರುತ್ತದೆ.

ಇಲಿ ಕಚ್ಚಬೇಕಿಲ್ಲ

ಜರ್ಮನಿಯ ವೈದ್ಯ ಅಡಾಲ್ಫ್ ವೈಲ್ 1886ರಲ್ಲಿ ಈ ಕಾಯಿಲೆಯನ್ನು ವಿವರಿಸಿದರು. ಕಾರಣವಾದ ರೋಗಾಣುವನ್ನು ಜಪಾನಿನ ಇನಾಡಾ ಮತ್ತು ಇಡೊ 1915ರಲ್ಲಿ ಗುರುತಿಸಿದರು. ತಿರುಪಿನಂತೆ ಸುರುಳಿ ಸುತ್ತಿದ ಈ ಬ್ಯಾಕ್ಟೀರಿಯಾದ ಹೆಸರು ಲೆಪ್ಟೊಸ್ಪೈರಾ. ಇಲಿ, ಹೆಗ್ಗಣಗಳ ಮೂತ್ರಪಿಂಡದಲ್ಲಿ ಅದು ತಿಂಗಳುಗಟ್ಟಲೆ ಮನೆಮಾಡಿಕೊಂಡಿರುತ್ತದೆ. ಇಲಿಗೆ ಅದರಿಂದ ಕಾಯಿಲೆಯಾಗುವುದಿಲ್ಲ. ಮೂತ್ರದ ಜೊತೆ ರೋಗಾಣು ಹೊರಬೀಳುತ್ತಿರುತ್ತದೆ, ಅಷ್ಟೆ. ದನ, ಹಂದಿ, ನಾಯಿಗಳೂ ಹೀಗೆ ರೋಗಾಣು ಹೊರಹಾಕಬಲ್ಲವು.

ಹೊರಬಿದ್ದದ್ದು ಒಣನೆಲವಾದರೆ ರೋಗಾಣು ಬೇಗ ಸಾಯುತ್ತದೆ. ಬಿಸಿಲೂ ಒಣಗುವಿಕೆಯೂ ಅದಕ್ಕಾಗದು. ಒದ್ದೆ ಮಣ್ಣು, ನಿಂತ ಸಿಹಿನೀರು ಸಿಕ್ಕರೆ ವಾರಗಟ್ಟಲೆ ಬದುಕುತ್ತದೆ. ನಾಟಿ ಗದ್ದೆಯ ಕೆಸರು ಮತ್ತು ಒಳಚರಂಡಿಯ ಕೊಳೆನೀರು ಎರಡೂ ಇಂಥ ಜಾಗಗಳೇ.

ಗಟ್ಟಿಯಾಗಿರುವ, ಒಣಗಿರುವ ಚರ್ಮದೊಳಗೆ ಅದು ಸುಲಭವಾಗಿ ನುಗ್ಗದು. ಆದರೆ ನಾಲ್ಕೈದು ಗಂಟೆ ನೀರಿನಲ್ಲಿ ನಿಂತ ಕಾಲಿನ ಚರ್ಮ ನೆನೆದು ಬೆಳ್ಳಗಾಗಿ ಮೆತ್ತಗಾಗಿರುತ್ತದೆ. ಬೆರಳ ಸಂದಿಯಲ್ಲಿ ಕೆಸರುಹುಣ್ಣು, ಹಿಮ್ಮಡಿಯಲ್ಲಿ ಒಡಕು, ನೇಜಿ ಕೀಳುವಾಗ ಕೈಗಾದ ಗೀರು, ಎಲ್ಲವೂ ಅದಕ್ಕೆ ತೆರೆದ ಬಾಗಿಲು. ಕೊಳೆನೀರು ಕಣ್ಣಿಗೆ, ಮೂಗಿಗೆ, ಬಾಯಿಗೆ ಸಿಡಿದರೆ ಗಾಯವೂ ಬೇಕಿಲ್ಲ.

ಏಳು ದಿನಕ್ಕೊಮ್ಮೆ ನುಂಗಿದರೆ ಸಾಕೇ?

ಎಲ್ಲರೂ ಕೇಳುವ ಪ್ರಶ್ನೆ ಇದು, ಕೇಳಬೇಕಾದದ್ದೂ ಹೌದು. ಬೇರೆ ಆ್ಯಂಟಿಬಯೋಟಿಕ್‌ಗಳನ್ನು ದಿನಕ್ಕೆ ಎರಡು, ಮೂರು ಸಲ ತೆಗೆದುಕೊಳ್ಳುವಾಗ ಇದೊಂದನ್ನು ವಾರಕ್ಕೊಮ್ಮೆ ತೆಗೆದುಕೊಂಡರೆ ಸಾಕೆನ್ನುವುದು ಹೇಗೆ?

ಡಾಕ್ಸಿಸೈಕ್ಲಿನ್ ರಕ್ತದಲ್ಲಿ ನಿಧಾನವಾಗಿ ಕರಗುವ ಔಷಧಿ. ಸುಮಾರು 20 ಗಂಟೆಗೊಮ್ಮೆ ಅದರ ಪ್ರಮಾಣ ಅರ್ಧಕ್ಕಿಳಿಯುತ್ತದೆ. ಭಾನುವಾರ ನುಂಗಿದ್ದು ಬುಧವಾರ, ಗುರುವಾರದ ಹೊತ್ತಿಗೆ ಬಹುಪಾಲು ಹೋಗಿರುತ್ತದೆ. ಅಂದರೆ ಶುಕ್ರವಾರ ಕಾಲಿನ ಗೀರಿನಿಂದ ಒಳಹೊಕ್ಕ ರೋಗಾಣುವನ್ನು ತಡೆಯಲು ಮೈಯಲ್ಲಿ ಹೇಳಿಕೊಳ್ಳುವಷ್ಟು ಔಷಧಿ ಇರುವುದಿಲ್ಲ. ಆದರೆ ಲೆಪ್ಟೊಸ್ಪೈರಾ ಬೆಳೆಯುವುದೂ ನಿಧಾನ. ಒಳಹೊಕ್ಕ ಮೇಲೆ ಜ್ವರ ತರುವಷ್ಟು ಸಂಖ್ಯೆಗೆ ಬೆಳೆಯಲು ಅದಕ್ಕೆ ಸಾಮಾನ್ಯವಾಗಿ 5ರಿಂದ 14 ದಿನ ಬೇಕು. ಅಷ್ಟರೊಳಗೆ ಮುಂದಿನ ಭಾನುವಾರದ ಮಾತ್ರೆ ಬಂದಿರುತ್ತದೆ. ಹಾಗಾಗಿ ಇದು ಅಂಗಳದ ಸುತ್ತ ಬೇಲಿ ಕಟ್ಟುವ ಕೆಲಸವಲ್ಲ, ವಾರಕ್ಕೊಮ್ಮೆ ಅಂಗಳ ಗುಡಿಸುವ ಕೆಲಸ. ಒಂದು ವಾರ ಗುಡಿಸುವುದು ತಪ್ಪಿದರೆ ಆ ವಾರ ಸೇರಿದ್ದೆಲ್ಲ ಬೆಳೆಯಲು ಹೊತ್ತು ಸಿಗುತ್ತದೆ.

ಇದಕ್ಕೆ ಆಧಾರವಾಗಿ ಎರಡು ಅಧ್ಯಯನಗಳನ್ನು ಹೇಳಬಹುದು. ಪನಾಮಾದ ಕಾಡಿನಲ್ಲಿ ಸುಮಾರು ಮೂರು ವಾರ ತರಬೇತಿಗಿಳಿದ ಅಮೆರಿಕದ 940 ಸೈನಿಕರಲ್ಲಿ ಅರ್ಧದಷ್ಟು ಜನಕ್ಕೆ ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್, ಉಳಿದವರಿಗೆ ಔಷಧಿಯಿಲ್ಲದ ಮಾತ್ರೆ ಕೊಟ್ಟರು. ಔಷಧಿಯಿಲ್ಲದ ಗುಂಪಿನಲ್ಲಿ 20 ಜನಕ್ಕೆ ಜ್ವರ ಬಂತು, ಔಷಧಿ ತೆಗೆದುಕೊಂಡವರಲ್ಲಿ ಒಬ್ಬರಿಗೆ ಮಾತ್ರ. 1984ರಲ್ಲಿ ಪ್ರಕಟವಾದ ಈ ಫಲಿತಾಂಶವೇ ವಾರದ ಮಾತ್ರೆಯ ಪದ್ಧತಿಗೆ ತಳಹದಿ.

ಎರಡನೆಯದು ನಮಗೆ ಹೆಚ್ಚು ಹತ್ತಿರದ್ದು. ಉತ್ತರ ಅಂಡಮಾನಿನಲ್ಲಿ, ಇಲಿ ಜ್ವರ ಮಳೆಗಾಲದ ಮಾಮೂಲಾಗಿದ್ದ ಊರುಗಳಲ್ಲಿ ಇದೇ ಪ್ರಯೋಗ ನಡೆದು 2000ದಲ್ಲಿ ಪ್ರಕಟವಾಯಿತು. ಅಲ್ಲಿ ಸೋಂಕು ತಗಲುವುದು ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಆಗಿತ್ತು. ಆದರೆ ಕಾಯಿಲೆ ಬಿದ್ದವರು ಔಷಧಿಯಿಲ್ಲದ ಗುಂಪಿನಲ್ಲಿ ನೂರಕ್ಕೆ ಸುಮಾರು 7, ಔಷಧಿಯ ಗುಂಪಿನಲ್ಲಿ ಸುಮಾರು 3. ಕೆಲವೇ ವಾರ ಕಾಡಿಗಿಳಿದ ಸೈನಿಕನಿಗೂ ವರ್ಷವರ್ಷ ಅದೇ ಕೆಸರಿನಲ್ಲಿ ಬದುಕುವ ರೈತನಿಗೂ ಇರುವ ಅಂತರ ಇಲ್ಲಿ ಕಾಣುತ್ತದೆ. ನನ್ನನ್ನು ಕೇಳಿದರೆ ನಮ್ಮ ರೈತರು ನಂಬಬೇಕಾದದ್ದು ಅಂಡಮಾನಿನ ಲೆಕ್ಕವನ್ನು. ಮಾತ್ರೆ ಕಾಯಿಲೆಯನ್ನು ಅರ್ಧದಷ್ಟು ಇಳಿಸಬಹುದು, ಪೂರ್ತಿ ತಡೆಯುತ್ತದೆ ಎನ್ನಲಾಗದು. ಮಾತ್ರೆ ನುಂಗಿಯೂ ಜ್ವರ ಬಂದರೆ ಅದು ಇಲಿ ಜ್ವರವೇ ಆಗಿರಬಹುದು.

ತೆಗೆದುಕೊಳ್ಳುವ ಕ್ರಮ

ಇದು ವೈದ್ಯರ ಸಲಹೆಯ ಮೇಲೆ ತೆಗೆದುಕೊಳ್ಳಬೇಕಾದ ಔಷಧಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಿಮ್ಮ ಕೆಲಸ ಏನು, ಯಾವಾಗಿಂದ ಯಾವಾಗಿನವರೆಗೆ ಎಂದು ಹೇಳಿ ಕೇಳಿ. ಆರೋಗ್ಯವಂತ ವಯಸ್ಕರಿಗೆ ಸಾಮಾನ್ಯವಾಗಿ ಹೇಳುವ ಕ್ರಮ ಹೀಗಿದೆ:

1. 100 ಮಿಲಿಗ್ರಾಂನ ಎರಡು ಮಾತ್ರೆ, ಒಟ್ಟು 200 ಮಿಲಿಗ್ರಾಂ, ಒಂದೇ ಹೊತ್ತಿಗೆ, ವಾರಕ್ಕೊಮ್ಮೆ.

2. ಮೊದಲ ಸಲ ಕೆಸರಿಗಿಳಿಯುವ ಒಂದೆರಡು ದಿನ ಮುಂಚೆ. ಆಮೇಲೆ ಪ್ರತಿ ವಾರ ಅದೇ ದಿನ. ಸಂತೆಯ ದಿನವೋ ಭಾನುವಾರವೋ, ಮರೆಯದ ಒಂದು ದಿನ ಇರಲಿ.

3. ಹೊಟ್ಟೆತುಂಬ ಊಟವಾದ ಮೇಲೆ, ಒಂದು ದೊಡ್ಡ ಲೋಟ ನೀರಿನ ಜೊತೆ. ನುಂಗಿ ಅರ್ಧ ಗಂಟೆ ಮಲಗಬೇಡಿ. ಈ ಮಾತ್ರೆ ಅನ್ನನಾಳದಲ್ಲಿ ಅಂಟಿಕೊಂಡರೆ ಅಲ್ಲೇ ಹುಣ್ಣು ಮಾಡುತ್ತದೆ. ಎದೆಯುರಿಯ ದೂರು ಬಹುಮಟ್ಟಿಗೆ ಬರುವುದು ಗುಟುಕು ನೀರಿನಲ್ಲಿ ನುಂಗಿ ಹಾಸಿಗೆಗೆ ಹೋದವರಿಂದ.

4. ಹಾಲು, ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ, ಅಸಿಡಿಟಿಯ ಔಷಧಿ ಇವುಗಳಿಂದ ಎರಡು ಮೂರು ಗಂಟೆ ದೂರವಿರಲಿ. ಇವು ಹೊಟ್ಟೆಯಲ್ಲೇ ಡಾಕ್ಸಿಸೈಕ್ಲಿನನ್ನು ಹಿಡಿದುಕೊಂಡು ರಕ್ತಕ್ಕೆ ಸೇರಲು ಬಿಡುವುದಿಲ್ಲ.

5. ಕೊನೆಯ ಬಾರಿ ಕೆಸರಿಗಿಳಿದ ಮೇಲೆ ಬರುವ ವಾರದ ದಿನ ಇನ್ನೊಂದು ಸಲ. ಕೊನೆಯ ದಿನಗಳಲ್ಲಿ ಹೊಕ್ಕದ್ದನ್ನು ಗುಡಿಸಲು ಇದು ಬೇಕು. ಹೆಚ್ಚಿನವರು ಬಿಡುವುದು ಇದನ್ನೇ.

6. ಸಾಮಾನ್ಯವಾಗಿ ಆರರಿಂದ ಎಂಟು ವಾರಕ್ಕೆ ನಿಲ್ಲಿಸಬೇಕು. ಅದಕ್ಕಿಂತ ಹೆಚ್ಚು ಬೇಕೆನಿಸಿದರೆ ವೈದ್ಯರನ್ನು ಕೇಳಿಯೇ ಮುಂದುವರಿಸಿ.

ಮಾತ್ರೆ ತೆಗೆದುಕೊಂಡ ದಿನಗಳಲ್ಲಿ ಕೆಲವರಿಗೆ ಬಿಸಿಲು ಬಿದ್ದ ಕಡೆ ಚರ್ಮ ಸುಟ್ಟಂತೆ ಕೆಂಪಾಗುವುದುಂಟು. ಮೋಡ ಕವಿದ ಆಷಾಢದಲ್ಲಿ ಇದು ದೊಡ್ಡ ತೊಂದರೆಯಲ್ಲ. ಮಳೆ ಕೈಕೊಟ್ಟು ಬಿಸಿಲು ಚುರುಗುಟ್ಟಿದರೆ ಮಾತ್ರ ತುಂಬುತೋಳಿನ ಅಂಗಿ, ಮುಟ್ಟಾಳೆ ಇರಲಿ.

ಯಾರಿಗೆ ಬೇಡ

ಗರ್ಭಿಣಿಯರಿಗೆ, ಎಂಟು ವರ್ಷದೊಳಗಿನ ಮಕ್ಕಳಿಗೆ ತಡೆಗೆಂದು ಡಾಕ್ಸಿಸೈಕ್ಲಿನ್ ಕೊಡುವುದಿಲ್ಲ. ಬೆಳೆಯುವ ಹಲ್ಲು, ಎಲುಬಿನಲ್ಲಿ ಸೇರಿಕೊಳ್ಳುವ ಗುಂಪಿನ ಔಷಧಿ ಇದು. ಅವರಿಗೆ ಬೇಕಾದರೆ ವೈದ್ಯರು ಅಜಿತ್ರೊಮೈಸಿನ್‌ನಂಥದ್ದನ್ನು ಆರಿಸುತ್ತಾರೆ. ಎಲ್ಲಕ್ಕಿಂತ ಒಳ್ಳೆಯದು ಅವರು ಆ ದಿನಗಳಲ್ಲಿ ಕೆಸರಿಗಿಳಿಯದಿರುವುದು. ಹಾಲೂಡಿಸುವವರು, ಪಿತ್ತಜನಕಾಂಗದ ಕಾಯಿಲೆ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಹಿಂದೆ ಟೆಟ್ರಾಸೈಕ್ಲಿನ್ ಗುಂಪಿನ ಔಷಧಿಗೆ ಮೈ ಕಡಿತ ಬಂದವರು ಅದನ್ನು ಮೊದಲೇ ಹೇಳಬೇಕು.

ಇನ್ನು ಗದ್ದೆಗಿಳಿಯದವರಿಗೆ, ಉದಾಹರಣೆಗೆ ಪೇಟೆಯಲ್ಲಿ ಓದುವ ಮಗನಿಗೆ, ಇರಲಿ ಎಂದು ಕೊಡುವುದು ಬೇಡ. ಬೇಡದ ಆ್ಯಂಟಿಬಯೋಟಿಕ್ ಹೊಟ್ಟೆ ಕೆಡಿಸುತ್ತದೆ. ಮೈಯಲ್ಲಿರುವ ಬೇರೆ ಬ್ಯಾಕ್ಟೀರಿಯಾಗಳಿಗೆ ಆ ಔಷಧಿಗೆ ಬಗ್ಗದಿರುವುದನ್ನೂ ಕಲಿಸುತ್ತದೆ.

ಒಂದು ಮನೆಯ ಲೆಕ್ಕ

ಉಡುಪಿ ಕಡೆಯ ಒಂದು ಮನೆ ಎಂದುಕೊಳ್ಳೋಣ. ಎರಡು ಎಕರೆ ಬೈಲುಗದ್ದೆ. ಗಂಡ ಹೆಂಡತಿ ಇಬ್ಬರೂ ಗದ್ದೆಗಿಳಿಯುತ್ತಾರೆ. ಸೊಸೆ ಐದು ತಿಂಗಳ ಗರ್ಭಿಣಿ. ಹೆಂಡತಿಯ ಅತ್ತೆ ರಕ್ತ ಕಡಿಮೆಯೆಂದು ಕಬ್ಬಿಣಾಂಶದ ಮಾತ್ರೆ ತೆಗೆದುಕೊಳ್ಳುತ್ತಾರೆ, ಆದರೂ ನೇಜಿ ಕೀಳಲು ಹೋಗದೆ ಇರಲಾರರು.

ಜೂನ್ ಎರಡನೇ ಸೋಮವಾರ ಉಳುಮೆ ಶುರು. ಹಿಂದಿನ ದಿನ, ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಗಂಡ, ಹೆಂಡತಿ, ಅತ್ತೆ ಮೂವರೂ ಎರಡೆರಡು ಮಾತ್ರೆ ನುಂಗುತ್ತಾರೆ. ಅತ್ತೆಯ ಕಬ್ಬಿಣಾಂಶದ ಮಾತ್ರೆ ಆ ದಿನ ರಾತ್ರಿಗೆ ಹೋಗುತ್ತದೆ. ಉಳುಮೆ, ನೇಜಿ ಕೀಳುವುದು, ನಾಟಿ ಸೇರಿ ನಾಲ್ಕು ವಾರ ಹಿಡಿಯುತ್ತದೆ. ಅಂದರೆ ಮೊದಲನೆಯದರ ಜೊತೆ ಇನ್ನೂ ಮೂರು ಭಾನುವಾರ. ನಾಟಿ ಮುಗಿದ ಮೇಲಿನ ಭಾನುವಾರ ಐದನೆಯದು. ಅಲ್ಲಿಗೆ ಬಿಡುವು.

ಜುಲೈ ಕೊನೆಗೆ ಕಳೆ ಕೀಳುವ ಒಂದು ವಾರ ಮತ್ತೆ ಗದ್ದೆಯಲ್ಲಿ. ಅದಕ್ಕೆ ಮುಂಚೆ ಒಂದು ಸಲ, ಆದ ಮೇಲೆ ಒಂದು ಸಲ. ಒಟ್ಟು ಏಳು ಸಲ, ಒಬ್ಬರಿಗೆ ಹದಿನಾಲ್ಕು ಮಾತ್ರೆ. ನಡುವೆ ಕುಸಿದ ಹುಣಿ ಕಟ್ಟಲು ಒಂದು ದಿನ ಇಳಿಯಬೇಕಾಗಿ ಬಂದರೆ ಎಂಟನೆಯದು ಅದಕ್ಕೆ ಉಳಿದಿರುತ್ತದೆ. ಸೊಸೆಗೆ ಮಾತ್ರೆಯಿಲ್ಲ. ಅವಳು ಗದ್ದೆಗೂ ಇಳಿಯುವುದಿಲ್ಲ, ಕೆಸರಾದ ಬಟ್ಟೆ ಒಗೆಯುವ ಕೆಲಸವನ್ನೂ ಬೇರೆಯವರು ಮಾಡುತ್ತಾರೆ.

ನಾಟಿಗೆ ಬರುವ ಕೂಲಿ ಹೆಂಗಸರನ್ನು ಈ ಲೆಕ್ಕದಿಂದ ಬಿಡುವುದು ಸರಿಯಲ್ಲ. ಗದ್ದೆಯ ಒಡೆಯರು ತಮ್ಮ ಎರಡು ಎಕರೆಯಲ್ಲಿ ಕೆಲವೇ ದಿನ ಇದ್ದರೆ, ಅವರು ಊರೆಲ್ಲ ನೆಡುತ್ತಾ ಇಡೀ ತಿಂಗಳು ಕೆಸರಿನಲ್ಲೇ ಇರುತ್ತಾರೆ. ಹೆಚ್ಚು ಅಪಾಯದಲ್ಲಿರುವವರು ಅವರು. ಆರೋಗ್ಯ ಕೇಂದ್ರದಲ್ಲಿ ಕೇಳುವಾಗ ಅವರ ಹೆಸರನ್ನೂ ಸೇರಿಸಿ ಕೇಳಿ.

ಕಾಲಿನ ಮಾತು

ಮೊಣಕಾಲುದ್ದದ ಗಮ್‌ಬೂಟು ಹಾಕಿ ಎಂದು ಎಲ್ಲ ಕರಪತ್ರಗಳೂ ಹೇಳುತ್ತವೆ. ನಾಟಿ ಗದ್ದೆಗೆ ಒಮ್ಮೆ ಬೂಟು ಹಾಕಿಕೊಂಡು ಇಳಿದವರಿಗೆ ಗೊತ್ತು, ಎರಡನೇ ಹೆಜ್ಜೆಗೆ ಬೂಟು ಕೆಸರಿನಲ್ಲೇ ಉಳಿದು ಕಾಲು ಮೇಲೆ ಬರುತ್ತದೆ. ಬೂಟಿನೊಳಗೆ ಗದ್ದೆಯ ನೀರು ತುಂಬಿದರೆ ಬರಿಗಾಲಿಗಿಂತ ಕೆಟ್ಟದು. ಹುಣಿ ಕೆತ್ತುವಾಗ, ಕೊಟ್ಟಿಗೆ ತೊಳೆಯುವಾಗ, ತೋಡಿನ ಹೂಳೆತ್ತುವಾಗ ಬೂಟು ಹಾಕಿ. ನಾಟಿಯಲ್ಲಿ ಅದರ ಬದಲು ಬಾಗಿಲುಗಳನ್ನು ಮುಚ್ಚುವುದನ್ನು ಯೋಚಿಸಿ. ಗೀರು, ಒಡಕುಗಳ ಮೇಲೆ ನೀರು ಇಳಿಯದ ಅಂಟುಪಟ್ಟಿ ಹಚ್ಚಿ. ಕೆಸರುಹುಣ್ಣು ಬಾಯಿಬಿಟ್ಟಿದ್ದರೆ ಅದು ಮಾಯುವವರೆಗೆ ಹುಣಿಯ ಮೇಲಿನ ಕೆಲಸ ಮಾಡಿ. ಮಧ್ಯಾಹ್ನ ಊಟಕ್ಕೆ ಬಂದಾಗಲೇ ಒಮ್ಮೆ ಬಾವಿನೀರು, ಸಾಬೂನಿನಲ್ಲಿ ತೊಳೆದು ಬೆರಳ ಸಂದಿ ಒರೆಸಿ ಒಣಗಿಸಿ. ಇಡೀ ದಿನ ನೆನೆದ ಕಾಲಿಗಿಂತ ನಡುವೆ ಒಮ್ಮೆ ಒಣಗಿದ ಕಾಲಿನ ಚರ್ಮ ಗಟ್ಟಿ.

ನಾಟಿ ಯಂತ್ರ ಸಿಗುವ ಊರಾದರೆ ಕೂಲಿಯ ಲೆಕ್ಕದ ಜೊತೆ ಇದನ್ನೂ ಸೇರಿಸಿಕೊಳ್ಳಿ. ಕೈನಾಟಿಗೆ ಹತ್ತಾರು ಜನ ದಿನವಿಡೀ ಕೆಸರಿನಲ್ಲಿರುವ ಕಡೆ ಯಂತ್ರಕ್ಕೆ ಇಬ್ಬರು ಮೂವರು ಸಾಕು.

ಇಲಿಯನ್ನು ಮೇ ತಿಂಗಳಲ್ಲೇ ಹಿಡಿಯಬೇಕು

ಇಲಿ ನಿಯಂತ್ರಣವನ್ನು ನಮ್ಮಲ್ಲಿ ತೆನೆ ಕತ್ತರಿಸಲು ಶುರುವಾದ ಮೇಲೆ ನೆನೆಯುತ್ತೇವೆ. ಭತ್ತ ಉಳಿಸಲು ಅದು ಸರಿಯಿರಬಹುದು, ಜ್ವರ ತಡೆಯಲು ತಡವಾಯಿತು. ಇಲಿ ಸತ್ತರೂ ಅದು ಆಗಲೇ ಕೆಸರಿಗೆ ಬಿಟ್ಟ ರೋಗಾಣು ವಾರಗಟ್ಟಲೆ ಇರುತ್ತದೆ. ಮೇ ತಿಂಗಳಲ್ಲಿ ನೆಲ ಒಣಗಿರುತ್ತದೆ, ಗದ್ದೆಯಲ್ಲಿ ತಿನ್ನಲು ಹೆಚ್ಚೇನೂ ಇರುವುದಿಲ್ಲ. ಇಲಿಗಳು ಹುಣಿಯ ಬಿಲಗಳಲ್ಲಿ, ಹುಲ್ಲಿನ ಮೆದೆಯಲ್ಲಿ, ಮನೆಯ ಅಟ್ಟದಲ್ಲಿ ಸೇರಿರುತ್ತವೆ. ಆಗ ಹಸಿದ ಇಲಿ ಆಮಿಷ ತಿನ್ನುತ್ತದೆ. ಬಿಸಿಲು ಉಳಿದ ರೋಗಾಣುವನ್ನು ಮುಗಿಸುತ್ತದೆ.

1. ಹುಣಿಯ ಹುಲ್ಲು ಸವರಿ, ಅಗಲ ಹುಣಿಗಳನ್ನು ಕೆತ್ತಿ ತೆಳುಮಾಡಿ. ಹುಣಿ ಒಂದಡಿಗಿಂತ ಹೆಚ್ಚು ದಪ್ಪವಿದ್ದಷ್ಟೂ ಬಿಲಕ್ಕೆ ಅನುಕೂಲ.

2. ಸಂಜೆ ಎಲ್ಲ ಬಿಲಗಳ ಬಾಯಿಗೆ ಮಣ್ಣು ಮುಚ್ಚಿ. ಬೆಳಿಗ್ಗೆ ಯಾವುದು ತೆರೆದಿದೆಯೋ ಅದರಲ್ಲಿ ಇಲಿ ಇದೆ. ಕೋಲು ನೆಟ್ಟು ಗುರುತು ಮಾಡಿ. ಖಾಲಿ ಬಿಲಕ್ಕೆ ವಿಷ ಹಾಕುವುದು ದಂಡ.

3. ಎರಡು ಮೂರು ದಿನ ವಿಷವಿಲ್ಲದ ಆಮಿಷ ಇಡಿ. ಎಣ್ಣೆ ಬೆರೆಸಿದ ನುಚ್ಚಿನ ಚಿಕ್ಕ ಪೊಟ್ಟಣ ಸಾಕು. ಹೊಸ ತಿಂಡಿಯನ್ನು ಇಲಿ ಮೊದಲ ದಿನ ಮೂಸಿ ಬಿಡುತ್ತದೆ, ರೂಢಿಯಾದ ಮೇಲೆ ಹೊಟ್ಟೆತುಂಬ ತಿನ್ನುತ್ತದೆ.

4. ಆಮೇಲೆ ಒಂದು ರಾತ್ರಿ ಸತುವಿನ ಫಾಸ್ಫೈಡ್ ಆಮಿಷ. ಒಂದು ಕಿಲೋಗೆ ನುಚ್ಚು 960 ಗ್ರಾಂ, ಎಣ್ಣೆ 20 ಗ್ರಾಂ, ವಿಷ 20 ಗ್ರಾಂ. ಬಿಲಕ್ಕೆ ಸುಮಾರು 10 ಗ್ರಾಂ, ಬಿಲದೊಳಗೆ ಹಾಕಿ ಬಾಯಿ ಮುಚ್ಚಿ.

5. ವಾರದ ನಂತರ ಮತ್ತೆ ಬಿಲ ಮುಚ್ಚಿ ನೋಡಿ. ತೆರೆದವುಗಳಿಗೆ ಬ್ರೊಮಾಡಿಯೋಲೋನ್ ಬಿಲ್ಲೆ ಹಾಕಿ. ಬದುಕುಳಿದ ಇಲಿ ಸತುವಿನ ಫಾಸ್ಫೈಡನ್ನು ಮತ್ತೆ ಮುಟ್ಟುವುದಿಲ್ಲ.

ಸತುವಿನ ಫಾಸ್ಫೈಡ್ ತೇವ ತಗಲಿದರೆ ವಿಷಾನಿಲ ಬಿಡುತ್ತದೆ, ಅದಕ್ಕೆ ಪ್ರತಿವಿಷವೂ ಇಲ್ಲ. ಕೃಷಿ ಇಲಾಖೆಯವರ ಮಾರ್ಗದರ್ಶನದಲ್ಲಿ, ಕೈಗವಸು ಹಾಕಿ, ಕೋಲಿನಲ್ಲಿ ಕಲಸಿ, ಅಡುಗೆಮನೆಯಿಂದ ದೂರ. ಮಳೆ ಬರುವ ಸೂಚನೆಯಿದ್ದರೆ ಆ ದಿನ ಬೇಡ. ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬಾಲ ಹಿಡಿದು ತೋಡಿಗೆ ಎಸೆಯಲೂ ಬೇಡಿ. ಆಳವಾಗಿ ಹೂಳಬೇಕು. ಬೈಲಿನ ಎಲ್ಲರೂ ಒಂದೇ ವಾರ ಮಾಡದಿದ್ದರೆ ಪಕ್ಕದ ಗದ್ದೆಯ ಇಲಿ ಖಾಲಿ ಬಿಲಕ್ಕೆ ಬಂದು ಸೇರುತ್ತದೆ.

ಕೊಟ್ಟಿಗೆಯ ಮೂತ್ರ, ತೊಳೆದ ನೀರು ನೇರ ಗದ್ದೆಗೆ ಹರಿಯುತ್ತಿದ್ದರೆ ಗೊಬ್ಬರದ ಗುಂಡಿಗೆ ತಿರುಗಿಸಿ. ಹಸಿ ಗಂಜಲವನ್ನು ಕಲಸುವವರು ಕೈಗವಸು ಹಾಕಿಕೊಳ್ಳಿ. ದನ ಎಷ್ಟು ಆರೋಗ್ಯವಾಗಿ ಕಂಡರೂ ಈ ರೋಗಾಣುವನ್ನು ಹೊತ್ತಿರಬಹುದು.

ಒಳಚರಂಡಿ ಕೆಲಸದವರಿಗೆ

ರೈತನಿಗೆ ಕೆಸರು ಕೆಲವು ವಾರದ ಮಾತು. ಒಳಚರಂಡಿ ಕೆಲಸದವರಿಗೆ ಕೊಳೆನೀರು ವರ್ಷವಿಡೀ. ವರ್ಷದ 52 ವಾರವೂ ಡಾಕ್ಸಿಸೈಕ್ಲಿನ್ ನುಂಗುವುದು ಸರಿಯಾದ ದಾರಿಯಲ್ಲ. ಆದ್ದರಿಂದ ಇಲ್ಲಿ ಮೊದಲ ರಕ್ಷಣೆ ಮೈಗೆ ನೀರು ತಾಗದಂತೆ ನೋಡಿಕೊಳ್ಳುವುದು. ಮಾತ್ರೆ ಎರಡನೆಯದು.

ಮ್ಯಾನ್‌ಹೋಲಿನೊಳಗೆ ಮನುಷ್ಯರನ್ನು ಇಳಿಸಿ ಶುಚಿ ಮಾಡಿಸುವುದಕ್ಕೆ 2013ರ ಕಾಯ್ದೆ ತಡೆ ಹಾಕಿದೆ. ಮಾತ್ರೆ ಕೊಟ್ಟಿದ್ದೇವೆ, ಇಳಿಯಿರಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅಲ್ಲಿ ನಿಮಿಷದಲ್ಲಿ ಕೊಲ್ಲುವುದು ಅನಿಲ. ಮಾತ್ರೆಗೂ ಅದಕ್ಕೂ ಸಂಬಂಧವಿಲ್ಲ.

ಜೆಟ್ಟಿಂಗ್ ಯಂತ್ರ, ಸಕ್ಕಿಂಗ್ ಯಂತ್ರ ಬಂದ ಮೇಲೆ ಕಾಲಿಗಿಂತ ಮುಖಕ್ಕೆ ಅಪಾಯ ಹೆಚ್ಚಾಗಿದೆ. ಒತ್ತಡದ ನೀರು ಕೊಳೆಯನ್ನು ಸಿಡಿಸುತ್ತದೆ. ಪೈಪು ಎಳೆಯುವವರಿಗೆ ಮುಖ ಮುಚ್ಚುವ ಪಾರದರ್ಶಕ ಕವಚ ಬೇಕು. ಮಾಸ್ಕ್ ಒಂದೇ ಇದ್ದರೆ ಕಣ್ಣು ತೆರೆದೇ ಇರುತ್ತದೆ. ಮೊಣಕೈವರೆಗಿನ ರಬ್ಬರ್ ಕೈಗವಸು, ಗಮ್‌ಬೂಟು ಬೇಕು. ಕೈಗವಸಿಗೆ ತೂತು ಬಿದ್ದಿದೆಯೇ ಎಂದು ದಿನವೂ ನೀರು ತುಂಬಿಸಿ ನೋಡಿ. ತೂತು ಬಿದ್ದ ಕೈಗವಸಿನೊಳಗೆ ಕೊಳೆನೀರು ನಿಂತು ಕೈ ಗಂಟೆಗಟ್ಟಲೆ ನೆನೆಯುತ್ತದೆ. ವಾಹನದಲ್ಲೇ ಒಂದು ಕ್ಯಾನು ಶುದ್ಧ ನೀರು, ಸಾಬೂನು ಇರಲಿ. ಕೈ ತೊಳೆಯುವ ಮುನ್ನ ಬೀಡಿ, ತಂಬಾಕು, ಚಹಾದ ಲೋಟ ಮುಟ್ಟದಿರುವುದು ಕಷ್ಟದ ಶಿಸ್ತು, ಆದರೆ ರೋಗಾಣು ಬಾಯಿಗೆ ತಲುಪುವುದು ಆ ದಾರಿಯಲ್ಲೇ.

ಮಾತ್ರೆಯ ವಿಷಯಕ್ಕೆ ಮುಂಬೈಯ ಪದ್ಧತಿ ಉಪಯೋಗಕ್ಕೆ ಬರುತ್ತದೆ. 2005ರ ಜುಲೈ ಪ್ರವಾಹದ ನಂತರ ಅಲ್ಲಿ ಇಲಿ ಜ್ವರ ಜೋರಾಗಿ ಹಬ್ಬಿತ್ತು. ಮಳೆನೀರು ನಿಂತಾಗ ಅಲ್ಲಿನ ಮಹಾನಗರಪಾಲಿಕೆ ಜನರನ್ನು ಮೂರು ಬಗೆಯಾಗಿ ನೋಡಲು ಹೇಳುತ್ತದೆ. ಗಾಯವಿಲ್ಲದೆ ಒಮ್ಮೆ ನೀರಿನಲ್ಲಿ ನಡೆದವರಿಗೆ 200 ಮಿಲಿಗ್ರಾಂ ಒಂದೇ ಸಲ. ಗಾಯವಿದ್ದು ನಡೆದವರಿಗೆ ದಿನಕ್ಕೊಮ್ಮೆಯಂತೆ ಮೂರು ದಿನ. ಮತ್ತೆ ಮತ್ತೆ ನೀರಿಗಿಳಿಯುವ, ಶುಚಿ ಮಾಡುವ ಕೆಲಸದವರಿಗೆ ವಾರಕ್ಕೊಮ್ಮೆಯಂತೆ ಆರು ವಾರ. ನಮ್ಮ ಊರುಗಳಲ್ಲೂ ಚರಂಡಿ ಉಕ್ಕುವ ಮಳೆಯ ವಾರಗಳಿಗೆ ವೈದ್ಯರ ಸಲಹೆಯಂತೆ ಈ ಆರು ವಾರವನ್ನು ಉಳಿಸಿಟ್ಟುಕೊಳ್ಳಬಹುದು. ಉಳಿದ ತಿಂಗಳಲ್ಲಿ ಕೊಳೆ ಮುಖಕ್ಕೆ ಸಿಡಿದರೆ, ಕೈಗೆ ಗಾಜು ಚುಚ್ಚಿದರೆ, ತೊಳೆದುಕೊಂಡು ಅಂದೋ ಮರುದಿನವೋ ವೈದ್ಯರನ್ನು ಕಾಣಿ. ಜ್ವರ ಬರಲಿ ಎಂದು ಕಾಯುವ ಹೊತ್ತಲ್ಲ ಅದು.

ಜ್ವರ ಬಂದರೆ: ಸಾಮಾನ್ಯವಾಗಿ ಆಗುವ ತಪ್ಪುಗಳು

ವಾರದ ಮಾತ್ರೆ ನುಂಗುತ್ತಿದ್ದೇನೆ, ಇದು ಬೇರೆ ಜ್ವರ ಎಂದುಕೊಳ್ಳುವುದು ಮೊದಲ ತಪ್ಪು. ಅದೇ ಪಟ್ಟಿಯಿಂದ ಇನ್ನೆರಡು ನುಂಗಿ ಸುಮ್ಮನಾಗುವುದು ಎರಡನೆಯದು. ತಡೆಯ ಪ್ರಮಾಣ ಬೇರೆ, ಚಿಕಿತ್ಸೆಯ ಪ್ರಮಾಣ ಬೇರೆ. ಕಾಯಿಲೆ ಹಗುರವಾಗಿದ್ದಾಗಲೂ ದಿನಕ್ಕೆರಡು ಸಲದಂತೆ ವಾರವಿಡೀ ಬೇಕು. ಜೋರಾಗಿದ್ದರೆ ಆಸ್ಪತ್ರೆಯಲ್ಲಿ ಪೆನಿಸಿಲಿನ್ ಅಥವಾ ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದು ಬೇಕಾಗುತ್ತದೆ.

ಚಳಿಜ್ವರ, ತಲೆನೋವು ಎಲ್ಲ ಜ್ವರದಲ್ಲೂ ಇವೆ. ಇಲಿ ಜ್ವರದಲ್ಲಿ ಮೀನಖಂಡ ಒತ್ತಿದರೆ ತಡೆಯಲಾರದ ನೋವು, ಪಿಚ್ಚು ಬಾರದೆಯೇ ಕಣ್ಣು ಕೆಂಪಾಗುವುದು ಹೆಚ್ಚು. ಮೈಕೈ ನೋವಿಗೆಂದು ಅಂಗಡಿಯಿಂದ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ತರಬೇಡಿ. ರೋಗಾಣು ಹೊಡೆಯುವುದು ಮೂತ್ರಪಿಂಡಕ್ಕೆ, ಆ ಮಾತ್ರೆ ಹೊಡೆಯುವುದೂ ಅಲ್ಲಿಗೇ. ಕೆಲವರಿಗೆ ಐದಾರನೇ ದಿನ ಜ್ವರ ಇಳಿದು, ಒಂದೆರಡು ದಿನ ಹಗುರವಾಗಿ, ಮತ್ತೆ ಏರುತ್ತದೆ. ನಡುವಿನ ಆ ಎರಡು ದಿನವನ್ನು ಗುಣವಾಯಿತೆಂದು ತಿಳಿದು ಗದ್ದೆಗೆ ಹೋದವರು ಎರಡನೇ ಸುತ್ತಿನಲ್ಲಿ ಕುಸಿಯುತ್ತಾರೆ.

ಎಲ್ಲಕ್ಕಿಂತ ದುಬಾರಿ ತಪ್ಪು ಕಾಮಾಲೆಯದ್ದು. ಕಣ್ಣು ಹಳದಿಯಾಯಿತೆಂದರೆ ಹಳ್ಳಿ ಔಷಧಿ, ಉಪ್ಪು ಹುಳಿ ಬಿಟ್ಟ ಪಥ್ಯ ಎಂದು ಹೊರಡುವುದು ನಮ್ಮ ಕಡೆಯ ರೂಢಿ. ಸಾಮಾನ್ಯ ವೈರಸ್ ಕಾಮಾಲೆ ಬಹುಪಾಲು ತಾನಾಗಿಯೇ ಇಳಿಯುವುದರಿಂದ ಆ ಔಷಧಿಗೆ ಹೆಸರು ಬಂದಿದೆ. ಇಲಿ ಜ್ವರದ ಕಾಮಾಲೆ ಹಾಗಲ್ಲ. ಅದರ ಜೊತೆಗೇ ಮೂತ್ರಪಿಂಡ ಸೋಲುತ್ತಿರುತ್ತದೆ, ಶ್ವಾಸಕೋಶದಲ್ಲಿ ರಕ್ತ ಒಸರಬಹುದು. ಮನೆಯಲ್ಲೇ ಗಮನಿಸಬಹುದಾದ ಒಂದು ವ್ಯತ್ಯಾಸವಿದೆ: ವೈರಸ್ ಕಾಮಾಲೆಯಲ್ಲಿ ಕಣ್ಣು ಹಳದಿಯಾಗುವ ಹೊತ್ತಿಗೆ ಜ್ವರ ಸಾಮಾನ್ಯವಾಗಿ ಬಿಟ್ಟಿರುತ್ತದೆ. ಇಲಿ ಜ್ವರದಲ್ಲಿ ಹಳದಿಯೂ ಜ್ವರವೂ ಜೊತೆಯಾಗಿ ಇರುತ್ತವೆ. ಜ್ವರ ಇರುವಾಗಲೇ ಕಣ್ಣು ಹಳದಿಯಾದರೆ, ಮೂತ್ರ ಕಡಿಮೆಯಾದರೆ, ಏದುಸಿರು ಬಂದರೆ, ಕಫದಲ್ಲಿ ರಕ್ತ ಕಂಡರೆ ಅದೇ ದಿನ ಡಯಾಲಿಸಿಸ್ ಇರುವ ಆಸ್ಪತ್ರೆಗೆ ಹೋಗಿ.

ವೈದ್ಯರ ಬಳಿ ಮೊದಲ ಮಾತಿಗೇ ಹೇಳಬೇಕಾದದ್ದು ಮೂರು. ಜ್ವರ ಬಂದು ಎಷ್ಟು ದಿನವಾಯಿತು, ಹಿಂದಿನ ಒಂದು ತಿಂಗಳಲ್ಲಿ ಯಾವ ಕೆಸರಿಗೆ ಅಥವಾ ಚರಂಡಿಗೆ ಇಳಿದಿರಿ, ಡಾಕ್ಸಿಸೈಕ್ಲಿನ್ ಕೊನೆಯ ಸಲ ನುಂಗಿದ್ದು ಯಾವಾಗ. ನೀವು ಹೇಳದಿದ್ದರೆ ಮಳೆಗಾಲದ ಜ್ವರವೆಂದರೆ ಡೆಂಗಿ, ಮಲೇರಿಯಾದ ಪರೀಕ್ಷೆಗಳೇ ಮೊದಲು ನಡೆಯುತ್ತವೆ. ಇಲಿ ಜ್ವರದ ಸಾಮಾನ್ಯ ರಕ್ತಪರೀಕ್ಷೆ ಹುಡುಕುವುದು ದೇಹ ತಯಾರಿಸುವ ಪ್ರತಿಕಾಯವನ್ನು. ಅದು ರಕ್ತದಲ್ಲಿ ಕಾಣಲು ಸುಮಾರು ಐದರಿಂದ ಏಳು ದಿನ ಬೇಕು. ಮೂರನೇ ದಿನದ ಚೀಟಿಯಲ್ಲಿ ಇಲ್ಲ ಎಂದು ಬಂದರೆ ಅದು ಇಲ್ಲ ಎಂದಲ್ಲ. ಕೆಸರಿಗಿಳಿದ ಕಥೆ ಮತ್ತು ಲಕ್ಷಣ ಹೊಂದಿದರೆ ಫಲಿತಾಂಶಕ್ಕೆ ಕಾಯದೆ ಚಿಕಿತ್ಸೆ ಶುರು ಮಾಡಿ, ವಾರದ ನಂತರ ಇನ್ನೊಮ್ಮೆ ರಕ್ತ ಕೊಡಲು ವೈದ್ಯರು ಹೇಳುತ್ತಾರೆ. ಅಷ್ಟರಲ್ಲಿ ಜ್ವರ ಬಿಟ್ಟಿದ್ದರೂ ಆ ಎರಡನೇ ರಕ್ತ ಕೊಟ್ಟು ಬನ್ನಿ. ನಿಮ್ಮದು ಇಲಿ ಜ್ವರವೆಂದು ಖಚಿತವಾದರೆ, ನಿಮ್ಮ ಜೊತೆ ಅದೇ ಗದ್ದೆಯಲ್ಲಿ, ಅದೇ ಚರಂಡಿಯಲ್ಲಿ ಕೆಲಸ ಮಾಡಿದವರನ್ನು ಆರೋಗ್ಯ ಕೇಂದ್ರದವರು ಹುಡುಕಿ ನೋಡಬೇಕಾಗುತ್ತದೆ.